ಪಾರ್ಕಿನ ತರಗೆಲೆ, ಸವರಿದ ಕೊಂಬೆ: ಸುಡದೆ ಏನು ಮಾಡ್ತೀರಿ? ಅನುಭವ ಹೇಳಿ

ಬಡಾವಣೆ ಸಮಿತಿ, ಬೆಂಗಳೂರು ದಕ್ಷಿಣ: ಪಾರ್ಕು ಮತ್ತು ಎರಡು ಸಾಲುಮರದ ರಸ್ತೆ ಸೇರಿ ಜನವರಿಯಿಂದ ಮಾರ್ಚ್‌ವರೆಗೆ ಎರಡು ತಿಂಗಳು ದಿನಕ್ಕೆ ಸುಮಾರು ಹತ್ತು ಗೋಣಿಚೀಲ ಎಲೆ. ಮಳೆಮರ, ಹೊಂಗೆ, ಮಹಾಗನಿ, ಬಾದಾಮಿ ಹೆಚ್ಚು. ಗುಡಿಸಿದವರು ಬೆಳಗ್ಗೆಯೇ ಮೂಲೆಯಲ್ಲಿ ಬೆಂಕಿ ಹಾಕ್ತಾರೆ. ಪಾರ್ಕಿನ ಹಿಂದೆ 20×30 ಅಡಿ ಜಾಗ ಬಿಟ್ಟುಕೊಟ್ಟಿದ್ದಾರೆ. ಮಳೆಗಾಲಕ್ಕೆ ಮುಂಚೆ ಸವರಿದ ಕೊಂಬೆಗಳೂ ಬರ್ತವೆ. ಗೊಬ್ಬರ ಮಾಡಲು ಎಲೆ, ಕೊಂಬೆ ಪುಡಿ ಮಾಡೋ ಯಂತ್ರ ಕೊಳ್ಳಬೇಕಾ? ವಾಸನೆ, ದೂರು ಇಲ್ಲದೆ ನಡೆಸೋದು ಹೇಗೆ?

ಗೊಬ್ಬರದ ಗುಂಡಿ: ಯಂತ್ರದ ಮಾತು ಆಮೇಲೆ. ಮೊದಲು ಜಾಗದ ಲೆಕ್ಕ ನೋಡಿ. ಗೋಣಿಚೀಲಕ್ಕೆ ಒತ್ತಿ ತುಂಬಿದರೆ ಆರು ಕೆಜಿ ಆಸುಪಾಸು ಒಣ ಎಲೆ ಹಿಡಿಯುತ್ತೆ. ಹತ್ತು ಚೀಲ ಅಂದರೆ ದಿನಕ್ಕೆ 60 ಕೆಜಿ, ಗಾತ್ರದಲ್ಲಿ ಒಂದು ಘನ ಮೀಟರ್. ಎರಡು ತಿಂಗಳಿಗೆ 60 ಘನ ಮೀಟರ್. ನೆನೆಸಿ ತುಳಿದರೆ ಅದು ಅರ್ಧಕ್ಕೆ ಇಳಿಯುತ್ತೆ.

ನಾಲ್ಕಡಿ ಎತ್ತರದ ವೆಲ್ಡ್ ಮೆಶ್ಶನ್ನು 13 ಅಡಿ ಉದ್ದ ಕತ್ತರಿಸಿ, ಸುತ್ತಿ, ತುದಿಗಳನ್ನು ಬೈಂಡಿಂಗ್ ವೈರಿನಿಂದ ಕಟ್ಟಿದರೆ ನಾಲ್ಕಡಿ ಅಗಲದ ದುಂಡು ಗೂಡು ಆಗುತ್ತೆ. ಅದರಲ್ಲಿ ಸುಮಾರು 1.4 ಘನ ಮೀಟರ್ ಹಿಡಿಯುತ್ತೆ. ಆ ಲೆಕ್ಕಕ್ಕೆ 21 ಗೂಡು ಬೇಕು, ನಿಮ್ಮ ಜಾಗದಲ್ಲಿ ಓಡಾಡಲು ಎರಡೆರಡು ಅಡಿ ಬಿಟ್ಟರೆ ಹಿಡಿಯೋದು 15. ಆದರೆ ಮೊದಲ ಗೂಡುಗಳು ತಿಂಗಳೊಳಗೆ ಅರ್ಧ ಕುಸಿದಿರುತ್ತವೆ. ಎರಡನ್ನು ಒಂದಕ್ಕೆ ಸುರಿದು ಖಾಲಿಯಾದದ್ದನ್ನು ಮತ್ತೆ ತುಂಬುತ್ತಾ ಹೋದರೆ 15ರಲ್ಲೇ ಋತು ಕಳೆಯುತ್ತೆ. ಮೊದಲ ವರ್ಷ ಯಂತ್ರವಿಲ್ಲದೆ ಶುರು ಮಾಡಿ ಅನ್ನೋದು ಇದಕ್ಕೇ.

ಎಲ್ಲರೂ ಎಡವೋದು ನೀರಿನಲ್ಲಿ. ಒಣ ಎಲೆಗೆ ಹೆಚ್ಚುಕಡಿಮೆ ಅದರ ತೂಕದಷ್ಟೇ ನೀರು ಬೇಕು. ನಿಮ್ಮ 60 ಕೆಜಿಗೆ 60 ಲೀಟರ್ ಒಳಗೆ ಇಳಿಯಬೇಕು, ಹರಿದು ಹೋಗೋದು ಸೇರಿ 80 ಅಂದುಕೊಳ್ಳಿ. ಮಹಾಗನಿ, ಬಾದಾಮಿ ಎಲೆ ನೀರನ್ನು ಜಾರಿಸಿಬಿಡುತ್ತೆ. ಗೂಡು ತುಂಬಿದ ಮೇಲೆ ಪೈಪ್ ಹಿಡಿದರೆ ನೀರು ಎಲ್ಲೋ ಒಂದು ದಾರಿ ಮಾಡಿಕೊಂಡು ತಳಕ್ಕೆ ಹೋಗುತ್ತೆ, ನಡುವೆ ಒಣಗೇ ಉಳಿಯುತ್ತೆ. ಅದಕ್ಕೆ ಮುಕ್ಕಾಲು ಅಡಿ ಎಲೆ ಹಾಕಿ, ನೀರು ಹಾಕಿ, ತುಳಿದು, ಆಮೇಲೆ ಮುಂದಿನ ಪದರ. ಹಿಡಿ ತುಂಬ ತೆಗೆದು ಹಿಂಡಿದಾಗ ಒಂದೆರಡು ಹನಿ ತೊಟ್ಟಿಕ್ಕಿದರೆ ಸರಿ. ಧಾರೆಯಾಗಿ ಬಂದರೆ ಜಾಸ್ತಿ ಆಯ್ತು.

ಎರಡು ತಿಂಗಳಿಗೆ ಗೂಡು ಬಿಚ್ಚಿ ನಡುಭಾಗ ನೋಡಿ. ಬಿಳಿ ಎಳೆ ಎಳೆ ಬೂಷ್ಟು ಎಲೆಗೆ ಎಲೆ ಅಂಟಿಸಿಕೊಂಡಿದ್ದರೆ ಕೆಲಸ ನಡೀತಾ ಇದೆ. ಬೂದಿ ಥರದ ಪುಡಿ ಎದ್ದು ಎಲೆ ಇಡಿಯಾಗಿಯೇ ಇದ್ದರೆ ಒಳಗೆ ಬಿಸಿಯೇರಿ ನೀರು ಆರಿಹೋಗಿದೆ. ಆಗ ಮೇಲಿಂದ ನೀರು ಹಾಕಿ ಪ್ರಯೋಜನವಿಲ್ಲ, ಪೂರ್ತಿ ಕೆದಕಿ, ನೆನೆಸಿ, ಮತ್ತೆ ತುಂಬಬೇಕು.

ಹೊಂಗೆ ನೆರಳು: ಮೇಲಿನವರು ಎಲ್ಲ ಎಲೆಯನ್ನೂ ಒಟ್ಟಿಗೆ ಹಾಕೋ ಹಾಗೆ ಬರೆದಿದ್ದಾರೆ, ಅಲ್ಲಿ ಸ್ವಲ್ಪ ತಿದ್ದುಪಡಿ. ಹೊಂಗೆ ಮೆತ್ತಗಿನ ಎಲೆ, ಬೇಗ ಕರಗುತ್ತೆ. ಹಸಿರೆಲೆ ಗೊಬ್ಬರಕ್ಕೆ ಅದನ್ನೇ ಹುಡುಕ್ತಾರಲ್ಲ. ಮಳೆಮರ, ಗುಲ್‌ಮೊಹರದ ಸಣ್ಣ ಎಲೆ ಬೇಗ ಕೊಳೆಯುತ್ತೆ, ಆದರೆ ಅದೊಂದನ್ನೇ ಹಾಕಿದರೆ ರೊಟ್ಟಿ ಕಟ್ಟುತ್ತೆ, ಗಾಳಿ ಆಡಲ್ಲ, ಹುಳಿ ವಾಸನೆ ಬರುತ್ತೆ. ದೊಡ್ಡ ಎಲೆಯ ನಡುವೆ ಬೆರೆಸಿದರೆ ಎರಡಕ್ಕೂ ಅನುಕೂಲ. ಮಹಾಗನಿ, ಬಾದಾಮಿ, ಮಾವು, ಹಲಸು ಇಡೀ ಎಲೆಯಾಗಿ ಹಾಕಿದರೆ ವರ್ಷಕ್ಕೂ ನರ ಕಾಣುತ್ತಿರುತ್ತೆ.

ಚೂರು ಮಾಡಲು ದೊಡ್ಡ ಯಂತ್ರ ಬೇಕಿಲ್ಲ. ಪಾರ್ಕಿನಲ್ಲಿ ಹುಲ್ಲು ಕತ್ತರಿಸೋ ಬ್ರಷ್ ಕಟ್ಟರ್ ಇದ್ದರೆ ಬ್ಲೇಡ್ ಬಿಚ್ಚಿ ನೈಲಾನ್ ದಾರದ ತಲೆ ಹಾಕಿ, 200 ಲೀಟರ್ ಡ್ರಮ್ಮಿಗೆ ಅರ್ಧ ಎಲೆ ತುಂಬಿ ಅದರೊಳಗೆ ಓಡಿಸಿ. ಕನ್ನಡಕ, ಮಾಸ್ಕ್ ಕಡ್ಡಾಯ, ಧೂಳು ವಿಪರೀತ. ಎಲೆ ಗರಿಗರಿ ಒಣಗಿರಬೇಕು, ಒದ್ದೆಯಾದರೆ ದಾರಕ್ಕೆ ಸುತ್ತಿಕೊಳ್ಳುತ್ತೆ. ಹಾಗಾಗಿ ಚೂರು ಮೊದಲು, ನೀರು ಆಮೇಲೆ.

ದರಗಿನ ಬೆಟ್ಟ, ಶಿರಸಿ: ಇಷ್ಟೆಲ್ಲ ಗೂಡು ಯಾಕೆ ಅಂತ ಅರ್ಥ ಆಗಲಿಲ್ಲ. ನಮ್ಮಲ್ಲಿ ಸೊಪ್ಪಿನ ಬೆಟ್ಟದಿಂದ ದರಗು ಗುಡಿಸಿ ತಂದು ಒಂದಷ್ಟು ಕೊಟ್ಟಿಗೆಗೆ ಹಾಸ್ತೇವೆ, ಉಳಿದದ್ದು ನೇರ ಅಡಿಕೆ ಮರದ ಬುಡಕ್ಕೆ. ಮಳೆಗಾಲದಲ್ಲಿ ತಾನೇ ಕರಗುತ್ತೆ. ನೀವೂ ತೋಟಕ್ಕೆ ಹಾಕಿಬಿಡಿ.

ಬಡಾವಣೆ ಸಮಿತಿ, ಬೆಂಗಳೂರು ದಕ್ಷಿಣ: ತೋಟ ಎಲ್ಲಿಂದ ತರೋಣ ಸರ್, ಇರೋದು ಪಾರ್ಕು. ಕೊಟ್ಟಿಗೆಯಂತೂ ಇಲ್ಲ.

ಗೊಬ್ಬರದ ಗುಂಡಿ: ಆದರೂ ಶಿರಸಿಯವರ ಮಾತಲ್ಲಿ ಹುರುಳಿದೆ. ಪಾರ್ಕಿನ ಒಳಗೆ ಬಿದ್ದ ಎಲೆಯನ್ನು ಹೊರಗೆ ತರೋದೇ ಬೇಡ. ದಾರಿ, ಹುಲ್ಲುಹಾಸಿನ ಮೇಲಿನದ್ದನ್ನು ಗುಡಿಸಿ ಪೊದೆ, ಮರದ ಪಾತಿಗೆ ಮೂರು ಇಂಚು ಹರಡಿ. ಗೂಡಿಗೆ ಬರೋದು ರಸ್ತೆಯ ಎಲೆ ಮಾತ್ರ ಆದರೆ ಕೆಲಸ ಅರ್ಧವಾಗುತ್ತೆ. ಬೇಸಿಗೆಯಲ್ಲಿ ಒಣ ಎಲೆಗೆ ಬೀಡಿ ಕಿಡಿ ಬೀಳುವ ಭಯ ಇರುವ ಕಡೆ, ಅಂದರೆ ಬೆಂಚು, ಗೇಟಿನ ಹತ್ತಿರ, ಮೇಲೆ ಒಂದು ಕೈ ಮಣ್ಣು ಎರಚಿ ನೀರು ಚಿಮುಕಿಸಿ.

ಗರಗಸ: ಕೊಂಬೆಯ ಬಗ್ಗೆ ಯಾರೂ ಹೇಳಿಲ್ಲ. ಎಲೆ ಪುಡಿ ಮಾಡೋ ಯಂತ್ರ ಬೇರೆ, ಕೊಂಬೆ ಚಿಪ್ಪರ್ ಬೇರೆ. ಎರಡೂ ಆಗುತ್ತೆ ಅಂತ ಮಾರುವ ಸಣ್ಣ ಯಂತ್ರಕ್ಕೆ ಒದ್ದೆ ಎಲೆ ಕೊಟ್ಟರೆ ಹೊರಬಾಯಿ ಕಟ್ಟಿಕೊಳ್ಳುತ್ತೆ. ಎಷ್ಟು ದಪ್ಪ ತಿನ್ನುತ್ತೆ ಅಂತ ಕಾಗದದಲ್ಲಿ ಬರೆದಿದ್ದರೂ ಅದರ ಮುಕ್ಕಾಲು ಭಾಗವನ್ನೇ ನಂಬಿ. ಮೂರು ಇಂಚು ಅಂದರೆ ದಿನವಿಡೀ ಕೊಡಬಹುದಾದದ್ದು ಎರಡು, ಎರಡೂಕಾಲು.

ಕೊಂಬೆ ಹಸಿಯಿರುವಾಗಲೇ ಕೊಡಬೇಕು. ಮೂರು ತಿಂಗಳು ಬಿಸಿಲಲ್ಲಿ ಬಿದ್ದು ಒಣಗಿದ್ದಕ್ಕೆ ಬ್ಲೇಡು ಬೇಗ ಮೊಂಡಾಗುತ್ತೆ. ಮೊಂಡಾದದ್ದು ಚಕ್ಕೆ ನೋಡಿದರೇ ತಿಳಿಯುತ್ತೆ. ಹರಿತವಿದ್ದರೆ ಅಂಚು ನೇರವಾದ ಬಿಲ್ಲೆ ಬೀಳುತ್ತೆ. ಮೊಂಡಾದರೆ ನಾರು ನಾರಾಗಿ ಹರಿದು, ಜೊತೆಗೆ ಪುಡಿ ಹಾರುತ್ತೆ, ಕೊಂಬೆ ತಾನಾಗಿ ಒಳಗೆ ಎಳೆದುಕೊಳ್ಳದೆ ಕುಣಿಯುತ್ತೆ. ಆಗ ತಳ್ಳಬೇಡಿ, ನಿಲ್ಲಿಸಿ ಹರಿತ ಮಾಡಿಸಿ. ಬ್ಲೇಡಿಗೂ ಎದುರಿನ ಪಟ್ಟಿಗೂ ನಡುವಿನ ಸಂದು ಹೆಚ್ಚಾಗಿದ್ದರೂ ಇದೇ ಲಕ್ಷಣ, ಎರಡನ್ನೂ ಒಟ್ಟಿಗೆ ನೋಡಿಸಿ.

ತೆಂಗಿನ ಗರಿ, ಈಚಲು, ಬಳ್ಳಿ ಹಾಕಬೇಡಿ, ನಾರು ಚಕ್ರಕ್ಕೆ ಸುತ್ತಿ ಬೇರಿಂಗ್ ತಿನ್ನುತ್ತೆ. ಸಾಲುಮರದ ಕೊಂಬೆಯಲ್ಲಿ ಮೊಳೆ, ಕೇಬಲ್ಲಿನವರು ಕಟ್ಟಿದ ತಂತಿ, ದೀಪದ ಸರ ಇದ್ದೇ ಇರುತ್ತೆ, ಒಂದೊಂದಾಗಿ ಕೈಯಾಡಿಸಿ ನೋಡಿ. ದಪ್ಪ ತುದಿ ಮೊದಲು ಒಳಗೆ. ಬಾಯಿಗೆ ಕೈ ಹಾಕದೆ ಕೋಲಿನಿಂದ ತಳ್ಳಬೇಕು. ಸಡಿಲ ಗ್ಲೌಸ್, ಟವೆಲ್, ದುಪಟ್ಟ ಹತ್ತಿರ ಸುಳಿಯಬಾರದು.

ಕೊಳ್ಳೋದಾ ಅಂದರೆ ನನ್ನ ಉತ್ತರ ಬೇಡ. ನಿಮ್ಮ ಕೊಂಬೆ ವರ್ಷದಲ್ಲಿ ಕೆಲವೇ ದಿನ ಬರುತ್ತೆ. ಅಕ್ಕಪಕ್ಕದ ಬಡಾವಣೆಯವರು ಸೇರಿ, ಸವರುವ ದಿನವನ್ನೇ ಹೊಂದಿಸಿಕೊಂಡು ಬಾಡಿಗೆಗೆ ತನ್ನಿ. ನಾಲ್ಕು ಇಂಚಿಗಿಂತ ದಪ್ಪದ್ದು ಯಂತ್ರಕ್ಕಲ್ಲ, ತುಂಡು ಮಾಡಿ ಪಾತಿಯ ಅಂಚಿಗೆ ಇಡಿ.

ಮಹಡಿ ತೋಟ: ಯಂತ್ರದಿಂದ ಬಂದ ಚಕ್ಕೆಯನ್ನು ಗಿಡದ ಬುಡಕ್ಕೆ ಹರಡುವ ಮುಂಚೆ ಯೋಚಿಸಿ. ಮರದ ಚಕ್ಕೆ ಮಣ್ಣಿನ ಸಾರಜನಕ ಎಲ್ಲಾ ಹೀರಿ ಗಿಡ ಹಳದಿ ಮಾಡುತ್ತೆ. ಯೂರಿಯಾ ಚೆಲ್ಲಿದ ಮೇಲೆಯೇ ಹಾಕಬೇಕು.

ಹೊಂಗೆ ನೆರಳು: ಅದು ಚಕ್ಕೆಯನ್ನು ಮಣ್ಣಿನೊಳಗೆ ಅಗೆದು ಬೆರೆಸಿದಾಗಿನ ಮಾತು ಮೇಡಂ, ಅಲ್ಲಿ ನೀವು ಹೇಳಿದ್ದು ಸರಿಯೇ. ಮೇಲೆ ಹೊದಿಸಿದಾಗ ಸಾರಜನಕ ಎಳೆಯೋದು ಚಕ್ಕೆಗೆ ತಾಗಿದ ಮೇಲ್ಪದರದಲ್ಲಿ ಮಾತ್ರ, ಮರ, ಪೊದೆಗಳ ಬೇರು ಅದಕ್ಕಿಂತ ಕೆಳಗಿರುತ್ತೆ. ಸಣ್ಣ ಹೂಗಿಡ, ಸೊಪ್ಪಿನ ಮಡಿ, ಕುಂಡಕ್ಕೆ ಬೇಡ, ಅಷ್ಟೇ. ಅಲ್ಲಿಗೆ ಎಲೆಗೊಬ್ಬರ ಹಾಕಿ. ಯೂರಿಯಾ ಏನೂ ಬೇಕಿಲ್ಲ.

ಹೊದಿಕೆ ಮೂರು ಇಂಚು ಸಾಕು. ಕಾಂಡದ ಸುತ್ತ ಒಂದು ಗೇಣು ಬರಿದು ಬಿಡಿ, ತಾಗಿಸಿ ರಾಶಿ ಹಾಕಿದರೆ ತೊಗಟೆ ಸದಾ ಒದ್ದೆಯಾಗಿ ಕೊಳೆಯುತ್ತೆ. ಹಾಕೋ ಮುಂಚೆ ಮಣ್ಣು ನೆನೆಸಿ, ಒಣ ಮಣ್ಣಿನ ಮೇಲೆ ಹೊದಿಸಿದರೆ ಸಣ್ಣ ಮಳೆ ಚಕ್ಕೆಯಲ್ಲೇ ಮುಗಿದುಹೋಗುತ್ತೆ.

ಬಡಾವಣೆ ಸಮಿತಿ, ಬೆಂಗಳೂರು ದಕ್ಷಿಣ: ಗೆದ್ದಲು? ಪಾರ್ಕಿನ ಪಕ್ಕದ ಮನೆಯವರು ಅದನ್ನೇ ಮುಂದಿಟ್ಟಿದ್ದಾರೆ.

ಗರಗಸ: ಬರುತ್ತೆ. ಹಸಿ ಚಕ್ಕೆಗಿಂತ ಒಣ ದಿಮ್ಮಿಗೇ ಅದಕ್ಕೆ ಆಸೆ. ಗೋಡೆಯಿಂದ ದೂರ ಹಾಕಿದರೆ ತೊಂದರೆಯಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಗೊಬ್ಬರದ ಗುಂಡಿ: ನನಗೆ ಅಷ್ಟು ಧೈರ್ಯ ಇಲ್ಲ. ಮರದ ಬಾಗಿಲು, ಚೌಕಟ್ಟು ಇರುವ ಮನೆಯ ಕಾಂಪೌಂಡಿನ ಪಕ್ಕ ಚಕ್ಕೆ ಬೇಡವೇ ಬೇಡ, ಅಲ್ಲಿ ಎಲೆಗೊಬ್ಬರ ಇರಲಿ. ಗೂಡನ್ನೂ ಗೋಡೆಯಿಂದ ಮೂರಡಿ ದೂರ ಇಡಿ. ಮರದ ಬುಡಕ್ಕೂ ತಾಗಿಸಬೇಡಿ, ಬೇರು ತಳದಿಂದ ಗೂಡಿಗೆ ನುಗ್ಗಿ ಗೊಬ್ಬರವನ್ನೆಲ್ಲ ಹಿಡಿದುಕೊಂಡುಬಿಡುತ್ತೆ.

ಇನ್ನೆರಡು ವಿಷಯ. ರಸ್ತೆ ಎಲೆಯಲ್ಲಿ ಗುಟ್ಕಾ ಚೀಟಿ, ಗಾಜು, ನಾಯಿ ಹೇಲು ಬರುತ್ತೆ, ಗೂಡಿಗೆ ಹಾಕುವ ಮುಂಚೆ ಒಂದು ಇಂಚು ಜಾಲರಿಯ ಮೇಲೆ ಜಾಡಿಸಿ. ಮರಳು, ಕಲ್ಲು ಕೆಳಗೆ ಬೀಳುತ್ತೆ, ಕಸ ಮೇಲೆ ಕಾಣುತ್ತೆ. ಇದನ್ನು ಕೊನೆಯಲ್ಲಿ ಜರಡಿ ಹಿಡಿಯುವಾಗ ಮಾಡ್ತೀವಿ ಅಂದರೆ ಆಗಲ್ಲ. ಪಾರ್ಥೇನಿಯಂ ಹೂ ಬಿಟ್ಟಿದ್ದರೆ ಗೂಡಿಗೆ ಬೇಡ, ಎಲೆ ಗೂಡು ಬೀಜ ಸಾಯಿಸುವಷ್ಟು ಬಿಸಿಯಾಗಲ್ಲ.

ಚೂರು ಮಾಡಿ ನೀರು ಕಾಯ್ದರೆ ನಾಲ್ಕೈದು ತಿಂಗಳು, ಇಡೀ ಎಲೆಯಾದರೆ ಎಂಟು ಒಂಬತ್ತು ಅಂತ ಇಟ್ಟುಕೊಳ್ಳಿ. ಅರ್ಧ ಇಂಚು ಜರಡಿಯಲ್ಲಿ ಇಳಿದದ್ದು ಗೊಬ್ಬರ, ಉಳಿದದ್ದು ಹೊಸ ಗೂಡಿಗೆ ಹೆಪ್ಪು. ಬೇರೆ ಪುಡಿ, ದ್ರಾವಣ ಕೊಳ್ಳಬೇಡಿ, ಮೊದಲ ಸಲಕ್ಕೆ ಒಂದು ಬಕೆಟ್ ಸಗಣಿ ನೀರು ಸಾಕು. ಇದರಲ್ಲಿ ಪೋಷಕಾಂಶ ಕಡಿಮೆ, ನೀರು ಹಿಡಿಯುವ ಗುಣವೇ ಹೆಚ್ಚು. ಮನೆಯವರಿಗೆ ಹಂಚುವಾಗ ಹಾಗೇ ಹೇಳಿ ಕೊಡಿ, ಇಲ್ಲದಿದ್ದರೆ ಗುಲಾಬಿ ಹೂ ಬಿಡಲಿಲ್ಲ ಅಂತ ಬರ್ತಾರೆ.

ಬಡಾವಣೆ ಸಮಿತಿ, ಬೆಂಗಳೂರು ದಕ್ಷಿಣ: ಸರಿ, ಐದು ಗೂಡಿನಿಂದ ಶುರು ಮಾಡ್ತೀವಿ. ಗುಡಿಸುವವರನ್ನು ಒಪ್ಪಿಸೋದು ಹೇಗೆ ಅನ್ನೋದೇ ಉಳಿದಿದೆ. ದಂಡ ಇದೆ ಅಂದರೆ ನಗ್ತಾರೆ.

ಹೊಂಗೆ ನೆರಳು: ದಂಡ ಇರೋದು ನಿಜ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ಅಂತ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಹೇಳಿದೆ. ಆದರೆ ಅವರು ಸುಡೋದು ಚೀಲ ಹೊತ್ತು ದೂರ ಹೋಗೋದು ತಪ್ಪಲಿ ಅಂತ. ಎಲ್ಲ ಗೂಡನ್ನೂ ಪಾರ್ಕಿನ ಹಿಂದೆ ಇಡಬೇಡಿ, ಈಗ ಬೆಂಕಿ ಹಾಕುವ ಮೂಲೆಯಲ್ಲೇ ಒಂದು ಗೂಡು ನಿಲ್ಲಿಸಿ, ಪಕ್ಕದಲ್ಲಿ ನೀರಿನ ನಲ್ಲಿ ಇರಲಿ. ತುಂಬಿದ ಮೇಲೆ ಹೊರುವ ಕೆಲಸ ವಾರಕ್ಕೊಮ್ಮೆ ಸಮಿತಿಯವರದ್ದು.