ನಿಂತಲ್ಲಿಂದ ಉದ್ದ ಜಿಗಿತ: ದೂರ ಹೋಗ್ತಾಳೆ, ಇಳಿದ ತಕ್ಷಣ ಹಿಂದಕ್ಕೆ ಬೀಳ್ತಾಳೆ

ಪಿಇ_ಮೇಷ್ಟ್ರು
ಏಳನೇ ಕ್ಲಾಸಿನ ಹುಡುಗಿ. ಹಿಮ್ಮಡಿ ಗುರುತು 1.62 ಮೀಟರ್‌ಗೆ ಬೀಳುತ್ತೆ, ಆದರೆ ಕೂಡಲೇ ಹಿಂದಕ್ಕೆ ವಾಲಿ ಕೈ ಊರ್ತಾಳೆ. ಕೈ ಗುರುತು 1.25ರಲ್ಲಿ, ಅಳತೆ ಅಲ್ಲಿಗೇ. "ಮುಂದಕ್ಕೆ ಬಗ್ಗು" ಅಂದರೆ ಸೊಂಟ ಮುರಿದು ನೆಲ ನೋಡ್ತಾಳೆ, ದೂರವೂ ಹೋಯ್ತು. ಬೇಸಿಗೆ ಶಿಬಿರದಲ್ಲಿ ಯಾರೋ "ಆಕಾಶ ನೋಡಿ ಹಾರು" ಅಂತ ಹೇಳಿಕೊಟ್ಟಿದ್ದರಂತೆ. ಮಕ್ಕಳಿಗೆ ಅರ್ಥ ಆಗೋ ಹಾಗೆ ಏನು ಹೇಳಲಿ?

ಕಬ್ಬಿಣ_ಕಾಲು
ತೊಡೆಯಲ್ಲಿ ಶಕ್ತಿ ಇಲ್ಲ ಸರ್, ಅದಕ್ಕೇ ಬೀಳೋದು. ದಿನಾ ಬಸ್ಕಿ ಹೊಡೆಸಿ.

ಹಳೇ_ಜಂಪರ್
ಬಸ್ಕಿಯಿಂದ ದೂರ ಹೆಚ್ಚಬಹುದು, ಬೀಳೋದು ನಿಲ್ಲಲ್ಲ. 1.62ಕ್ಕೆ ಹಿಮ್ಮಡಿ ಊರುವವಳಿಗೆ ಶಕ್ತಿ ಇದೆ. ಮೇಷ್ಟ್ರೇ, ಪಕ್ಕದಿಂದ ಒಂದು ಸ್ಲೋ ಮೋಷನ್ ವಿಡಿಯೋ ತೆಗೀರಿ. ಬೆರಳ ತುದಿ ನೆಲ ಬಿಡೋ ಚೌಕಟ್ಟಿನಲ್ಲಿ ನಿಲ್ಲಿಸಿ, ಸೊಂಟ ಕಾಲ್ಬೆರಳಿಗಿಂತ ಎಷ್ಟು ಮುಂದಿದೆ ನೋಡಿ ಹೇಳಿ.

ಖಾಕಿ_ಕನಸು
ನಂದೂ ಇದೇ ಸಮಸ್ಯೆ! ಪೊಲೀಸ್ ಫಿಸಿಕಲ್‌ಗೆ ರೆಡಿ ಆಗ್ತಿದೀನಿ, ಬೋರ್ಡ್‌ಗೆ ಕಾಲು ಸರಿಯಾಗಿ ಬೀಳಲ್ಲ. ಎಷ್ಟು ಹೆಜ್ಜೆ ಓಡಿ ಬರಬೇಕು?

ಹಳೇ_ಜಂಪರ್
ಅದು ಓಡಿ ಬಂದು ಒಂಟಿ ಕಾಲಲ್ಲಿ ಹಾರೋದು ತಮ್ಮಾ. ಇಲ್ಲಿ ಎರಡೂ ಕಾಲು ಜೋಡಿಸಿ ನಿಂತಲ್ಲಿಂದಲೇ. ಬೇರೆ ಪೋಸ್ಟ್ ಹಾಕು, ಅಲ್ಲಿ ಮಾತಾಡೋಣ.

ಪಿಇ_ಮೇಷ್ಟ್ರು
ನೋಡಿದೆ. ಸೊಂಟ ಹೆಚ್ಚುಕಡಿಮೆ ಪಾದದ ಮೇಲೇ ಇದೆ. ಮುಖ ಮೇಲೆ, ಎದೆ ಹಿಂದೆ. ಕೆಳಗೆ ಕುಳಿತು ಒಂದು ಕ್ಷಣ ನಿಂತು ಆಮೇಲೆ ಹಾರ್ತಾಳೆ.

ಭೌತಶಾಸ್ತ್ರ_ಬಿಎಸ್ಸಿ
45 ಡಿಗ್ರಿಯಲ್ಲಿ ಹಾರಿದರೆ ತಾನೇ ಅತಿ ಹೆಚ್ಚು ದೂರ? ಮೇಲಕ್ಕೆ ಹಾರು ಅಂದದ್ದರಲ್ಲಿ ತಪ್ಪೇನಿದೆ?

ಹಳೇ_ಜಂಪರ್
ಯಾವ ಕೋನಕ್ಕೂ ಒಂದೇ ವೇಗ ಸಿಗುತ್ತೆ, ಬಿಟ್ಟ ಎತ್ತರಕ್ಕೇ ಬಂದು ಬೀಳುತ್ತೆ ಅನ್ನೋದಾದರೆ 45 ಸರಿ. ಮನುಷ್ಯನಿಗೆ ಎರಡೂ ಹೊಂದಲ್ಲ. ನೇರ ಮೇಲಕ್ಕೆ ಹಾರಿದಷ್ಟೂ ಕಾಲಿನ ಶಕ್ತಿ ಸ್ವಂತ ಭಾರ ಎತ್ತೋದಕ್ಕೇ ಹೋಗುತ್ತೆ, ವೇಗ ಇಳಿಯುತ್ತೆ. ಜೊತೆಗೆ ಬಿಡುವಾಗ ಮೈ ನೆಟ್ಟಗೆ ಚಾಚಿರುತ್ತೆ, ಇಳಿಯುವಾಗ ಮಡಚಿರುತ್ತೆ, ಸೊಂಟ ತುಂಬಾ ಕೆಳಗೆ. ಹಾಗಾಗಿ ಒಳ್ಳೇ ಜಿಗಿತದ ಕೋನ 45ಕ್ಕಿಂತ ಸಾಕಷ್ಟು ಕಡಿಮೆ.

ಮೇಷ್ಟ್ರೇ, ನಿಮ್ಮ ಹುಡುಗಿ ಬೀಳೋದಕ್ಕೆ ಕಾರಣವೂ ಇದೇ. ಇಳಿಯುವಾಗ ಹಿಮ್ಮಡಿ ಸೊಂಟಕ್ಕಿಂತ ಮುಂದಿರುತ್ತೆ, ಇರಲೇಬೇಕು, ದೂರ ಸಿಗೋದೇ ಅಲ್ಲಿ. ಆಮೇಲೆ ಸೊಂಟ ಪಾದ ದಾಟಿ ಮುಂದೆ ಬರೋದಕ್ಕೆ ಮುಂದಕ್ಕೆ ಹೋಗೋ ವೇಗ ಉಳಿದಿರಬೇಕು. ಅವಳು ಅದನ್ನು ಮೇಲಕ್ಕೆ ಖರ್ಚು ಮಾಡಿಬಿಟ್ಟಿದಾಳೆ.

ಮೊದಲು ಹಾರೋದನ್ನ ಸರಿ ಮಾಡಿ. ಎದುರಿಗೆ ಮೂರು ನಾಲ್ಕು ಮೀಟರ್ ಆಚೆ, ಅವಳ ಕಣ್ಣಿನ ಮಟ್ಟಕ್ಕೆ ಒಬ್ಬರನ್ನ ಕರ್ಚೀಫ್ ಹಿಡಿದು ನಿಲ್ಲಿಸಿ. "ಕೈ ಬೀಸಿ ಅದನ್ನ ಕಿತ್ಕೊಳ್ಳೋ ಹಾಗೆ ಹಾರು" ಅಷ್ಟೇ ಹೇಳಿ. ಮಂಡಿ, ಸೊಂಟ, ಕೋನ ಅಂತ ಬಾಯಿ ಬಿಡಬೇಡಿ. ಮೈಯ ಭಾಗದ ಮೇಲೆ ಗಮನ ಹೋದರೆ ಮಕ್ಕಳು ಬಿಗಿಯಾಗ್ತಾರೆ, ಎದುರಿನ ವಸ್ತು ಕೊಟ್ಟರೆ ಮೈ ತಾನೇ ಹೊಂದಿಕೊಳ್ಳುತ್ತೆ. ಎರಡನೇದು, ಕೆಳಗೆ ನಿಲ್ಲಬಾರದು. "ಕೂರು-ಹಾರು" ಅಂತ ಒಂದೇ ಉಸಿರಲ್ಲಿ ನೀವೇ ಕೂಗಿ. ಕೆಳಗೆ ತಡೆದರೆ ಸ್ನಾಯುಗೆ ಸಿಕ್ಕ ಎಳೆತ ವ್ಯರ್ಥ.

ಇಳಿಯೋದು ನಾಳೆ ಹೇಳ್ತೀನಿ, ಎರಡೂ ಒಟ್ಟಿಗೆ ಬೇಡ.

ಪಿಇ_ಮೇಷ್ಟ್ರು
ಕರ್ಚೀಫ್ ಕೆಲಸ ಮಾಡ್ತು ಸರ್, ಸೊಂಟ ಈಗ ಪಾದಕ್ಕಿಂತ ಚೆನ್ನಾಗಿ ಮುಂದಿದೆ. ಹಿಮ್ಮಡಿ 1.58. ಕೆಲವು ಸಲ ಮಾತ್ರ ಹಿಂದಕ್ಕೆ ಬೀಳ್ತಾಳೆ. ಬಿದ್ದಾಗೆಲ್ಲ ಕಾಲು ಕೋಲಿನ ಹಾಗೆ ನೆಟ್ಟಗಿರುತ್ತೆ.

ಹಳೇ_ಜಂಪರ್
ನೆಟ್ಟಗಿನ ಕಾಲು ಬ್ರೇಕ್ ಹಾಕುತ್ತೆ. ಹಿಮ್ಮಡಿ ತಗುಲಿದ ತಕ್ಷಣ ಮಂಡಿ ಮಡಚಬೇಕು, ಕೈ ಮುಂದಕ್ಕೆ ಬರಬೇಕು. ಮೊದಲು ಮರಳಲ್ಲಿ ಅರ್ಧ ದೂರಕ್ಕೆ ಹಾರಿಸಿ, "ಸದ್ದಿಲ್ಲದೆ ಇಳಿ, ಇಳಿದು ಮುಂದಿನ ಗೆರೆ ಮುಟ್ಟು" ಅನ್ನಿ. ಪಾದ ಬೀಳೋ ಜಾಗದಿಂದ ಒಂದು ಮೊಳ ಮುಂದೆ ಗೆರೆ ಎಳೀರಿ. ಸದ್ದು ಕೇಳಿದರೆ ಮಂಡಿ ತಡವಾಗಿ ಮಡಚಿದೆ ಅಂತ ನಿಮಗೇ ಗೊತ್ತಾಗುತ್ತೆ, ವಿಡಿಯೋ ಬೇಕಿಲ್ಲ. ಗಟ್ಟಿ ನೆಲದ ಮೇಲೆ ಇದನ್ನ ಕಲಿಸಬೇಡಿ.

ಕಬ್ಬಿಣ_ಕಾಲು
ಸರಿ, ಆದರೆ ಮಡಚಿ ತಡೆಯೋದಕ್ಕೂ ತೊಡೆ ಬೇಕಲ್ವಾ?

ಹಳೇ_ಜಂಪರ್
ಬೇಕು, ಆ ಮಾತು ಒಪ್ಪಿದೆ.

ಪಿಇ_ಮೇಷ್ಟ್ರು
ಇವತ್ತು 1.60, ಕೈ ಊರಲಿಲ್ಲ. ಆದರೆ ಹೊಸದೊಂದು ಕಾಣಿಸ್ತಿದೆ: ಇಳಿಯುವಾಗ ಬಲ ಮಂಡಿ ಒಳಕ್ಕೆ ಹೋಗ್ತಿದೆ. ನೋವಿಲ್ಲ ಅಂತಾಳೆ.

ಹಳೇ_ಜಂಪರ್
ಅರ್ಧ ದೂರದಲ್ಲೂ ಹೋಗುತ್ತಾ, ಪೂರ್ತಿ ಹಾರಿದಾಗ ಮಾತ್ರಾನಾ? ಎದುರಿನಿಂದ ವಿಡಿಯೋ ತೆಗೆದು ಹಾಕಿ. ಅಲ್ಲಿವರೆಗೆ ದೂರ ಅಳೆಯೋದು ನಿಲ್ಲಿಸಿ, ಸಣ್ಣ ಜಿಗಿತ ಸಾಕು.