ಪದ ಬೇಕು: ಕ್ರೆಡಿಟ್ ಡಿಫಾಲ್ಟ್ ಸ್ವಾಪ್‌ಗೆ ‘ಸಾಲ ವಿಮೆ’ ಅನ್ನಬಹುದೇ?

ರಶ್ಮಿ:
ಎಲ್ಲರಿಗೂ ನಮಸ್ಕಾರ. ಗ್ರೀಸ್ ಸಾಲದ ಬಿಕ್ಕಟ್ಟಿನ ಬಗ್ಗೆ ಒಂದು ಲೇಖನ ಅನುವಾದ ಮಾಡುತ್ತಿದ್ದೇನೆ, ಸಂಜೆಯೊಳಗೆ ಕೊಡಬೇಕು. ಕ್ರೆಡಿಟ್ ಡಿಫಾಲ್ಟ್ ಸ್ವಾಪ್‌ಗೆ ‘ಸಾಲ ವಿಮೆ’ ಅಂತ ಹಾಕಿದ್ದೇನೆ, ಸರಿಯೇ? ಇನ್ನೊಂದು ವಾಕ್ಯದಲ್ಲಿ ಒಂದು ಕಂಪನಿಯ ಐದು ವರ್ಷದ ಸ್ಪ್ರೆಡ್ 300 ಬೇಸಿಸ್ ಪಾಯಿಂಟ್‌ಗೆ ಏರಿತು ಅಂತಿದೆ. ನಾನು ‘ಕಂಪನಿ ಸಾಲ ತೀರಿಸದೆ ಹೋಗುವ ಸಾಧ್ಯತೆ ಶೇ. 3ಕ್ಕೆ ಏರಿತು’ ಎಂದು ಬರೆದೆ. ನೋಡಿ ಹೇಳಿ.

ಗೋಪಾಲಯ್ಯ:
‘ವಿಮೆ’ ಪಾರಸಿಯ ಬೀಮಾದಿಂದ ಬಂದದ್ದು. ನಮ್ಮಲ್ಲಿ ‘ಕಾಪು’ ಇದೆ. ಕಾಪಾಡು, ಕಾವಲು ಎಲ್ಲ ಅದೇ ಬಳಗ. ತಪ್ಪು + ಕಾಪು = ತಪ್ಪುಗಾಪು. ‘ಸಾಲದ ತಪ್ಪುಗಾಪು’ ಎಂದು ಬರೆಯಿರಿ. ಸಂಧಿಯೂ ಸರಿ, ಅರ್ಥವೂ ಸರಿ.

ಶಾರದಮ್ಮ:
ಇದು ನನಗೆ ಚೆನ್ನಾಗಿ ಗೊತ್ತು. ಮನೆ ಸಾಲ ತಗೊಂಡಾಗ ಬ್ಯಾಂಕಿನವರು ಸಾಲ ವಿಮೆ ಅಂತ ಒಂದು ಕಂತು ಸೇರಿಸಿಬಿಟ್ಟಿದ್ದರು, ನನ್ನನ್ನು ಕೇಳಲೂ ಇಲ್ಲ. ನಾನು ಸತ್ತರೆ ಉಳಿದ ಸಾಲ ವಿಮೆ ಕಂಪನಿ ಕಟ್ಟುತ್ತೆ. ಹಾಗಾಗಿ ‘ಸಾಲ ವಿಮೆ’ ಸರಿಯಾಗಿಯೇ ಇದೆ ರಶ್ಮಿ, ಬದಲಾಯಿಸಬೇಡಿ.

ಸುಧಾ:
ಶಾರದಮ್ಮನವರೇ, ನೀವು ಹೇಳುವುದಕ್ಕೂ ಆ ಹೆಸರೇ ಇದೆ, ಅದೇ ತೊಂದರೆ. ಅದನ್ನು ಸಾಲಗಾರರ ಹೆಸರಿನಲ್ಲಿ ಮಾಡಿಸುತ್ತಾರೆ. ಕ್ರೆಡಿಟ್ ಡಿಫಾಲ್ಟ್ ಸ್ವಾಪ್ ಕೊಳ್ಳುವವರು ಸಾಲಗಾರರಲ್ಲ, ಬೇರೆಯವರು. ಆ ಸಾಲಗಾರನಿಗೆ ವಿಷಯ ಗೊತ್ತಿರಬೇಕೆಂದೂ ಇಲ್ಲ.

ರಶ್ಮಿ, ಎರಡನೇ ವಾಕ್ಯ ತಪ್ಪು. ಅದನ್ನು ಮೊದಲು ಸರಿಮಾಡಿ. 300 ಅನ್ನುವುದು ಬೆಲೆ, ಸಾಧ್ಯತೆ ಅಲ್ಲ. ನೂರು ಬೇಸಿಸ್ ಪಾಯಿಂಟ್ ಅಂದರೆ ಶೇ. 1. ಆ ಕಂಪನಿಯ 1 ಕೋಟಿ ಡಾಲರ್ ಬಾಂಡಿಗೆ ರಕ್ಷಣೆ ಬೇಕಾದವರು ವರ್ಷಕ್ಕೆ 3 ಲಕ್ಷ ಡಾಲರ್ ಕೊಡಬೇಕು ಅಂತ ಅರ್ಥ. ಮೂರು ತಿಂಗಳಿಗೊಮ್ಮೆ 75 ಸಾವಿರದಂತೆ. ಕಂಪನಿ ಕೈಕೊಟ್ಟರೆ ಮಾರಿದವರು ನಷ್ಟ ತುಂಬಿಕೊಡುತ್ತಾರೆ, ಕಂತು ಅಲ್ಲಿಗೆ ನಿಲ್ಲುತ್ತದೆ.

ಇನ್ನು ಸಾಧ್ಯತೆ. ಕಂಪನಿ ಮುಳುಗಿದರೂ ಬಾಂಡಿನ ಹಣ ಪೂರ್ತಿ ಹೋಗುವುದಿಲ್ಲ. ನೂರಕ್ಕೆ 40 ವಾಪಸ್ ಬರುತ್ತೆ ಅಂತ ಸಾಮಾನ್ಯವಾಗಿ ಇಟ್ಟುಕೊಳ್ಳುತ್ತಾರೆ. ಅಂದರೆ ಮಾರಿದವರಿಗೆ ಆಗುವ ನಷ್ಟ 60. ವರ್ಷಕ್ಕೆ ಸಿಗುವ 3 ರೂಪಾಯಿ ಈ 60ರ ನಷ್ಟಕ್ಕೆ ಸರಿತೂಗಬೇಕು. 3ನ್ನು 0.6ರಿಂದ ಭಾಗಿಸಿ, 5 ಬರುತ್ತೆ. ಹಾಗಾಗಿ ವರ್ಷಕ್ಕೆ ಸುಮಾರು ಶೇ. 5. ಐದು ವರ್ಷದೊಳಗೆ ಎಂದಾದರೂ ಕೈಕೊಡುವುದು ಶೇ. 22ರ ಆಸುಪಾಸು. ನಿಮ್ಮ ಶೇ. 3ಕ್ಕೂ ಇದಕ್ಕೂ ಎಷ್ಟು ದೂರ ನೋಡಿ.

ರಶ್ಮಿ:
ಅಯ್ಯೋ. ಹಾಗಾದರೆ ‘ಸಾಧ್ಯತೆ ವರ್ಷಕ್ಕೆ ಶೇ. 5’ ಅಂತ ತಿದ್ದಲೇ?

ಸುಧಾ:
ಬೇಡ. ಮೂಲದಲ್ಲಿ ಇಲ್ಲದ್ದನ್ನು ಸೇರಿಸಬೇಡಿ. ಅಲ್ಲದೆ ಆ 5 ಕೂಡ ನಿಜವಾದ ಅಂದಾಜಲ್ಲ. ವಾಪಸ್ ಬರುವುದು 40ರ ಬದಲು 20 ಅಂದುಕೊಂಡರೆ ಅದೇ 300ರಿಂದ ಶೇ. 3.75 ಬರುತ್ತದೆ. ಇನ್ನೊಂದು, ಮಾರುವವರು ಸುಮ್ನೆ ಸರಾಸರಿ ನಷ್ಟಕ್ಕೆ ಸಮವಾಗಿ ಬೆಲೆ ಕಟ್ಟುವುದಿಲ್ಲ. ಕೆಟ್ಟ ಕಾಲದಲ್ಲಿ ಹಲವು ಕಂಪನಿಗಳು ಒಟ್ಟಿಗೆ ಮುಳುಗುತ್ತವೆ. ಆ ಹೆದರಿಕೆಗೂ ದುಡ್ಡು ಕೇಳುತ್ತಾರೆ. ಅದಕ್ಕೇ ಒಳ್ಳೆಯ ಹೆಸರಿರುವ ಕಂಪನಿಗಳಲ್ಲಿ, ಬೆಲೆಯಿಂದ ತೆಗೆದ ಸಾಧ್ಯತೆ ನಿಜವಾಗಿ ಕೈಕೊಟ್ಟವರ ಪ್ರಮಾಣಕ್ಕಿಂತ ತುಂಬ ಜಾಸ್ತಿ ಇರುತ್ತದೆ.

ಬೆಲೆ ನಿನ್ನೆಗಿಂತ ಇವತ್ತು ಎಷ್ಟು ಏರಿತು, ಪಕ್ಕದ ಕಂಪನಿಗಿಂತ ಎಷ್ಟು ಹೆಚ್ಚು ಅನ್ನುವುದನ್ನು ನಂಬಬಹುದು. ‘ಆತಂಕ ಹೆಚ್ಚಿತು’ ಅಂತ ಬರೆದರೆ ತಪ್ಪಾಗದು.

ಗೋಪಾಲಯ್ಯ:
ಲೆಕ್ಕ ಇರಲಿ. ಪದ ಕೇಳಿದ್ದು.

ಮಂಜುನಾಥ:
ವಿಮೆಯೂ ಅಲ್ಲ, ಕಾಪೂ ಅಲ್ಲ. ಬಾಂಡೇ ಇಲ್ಲದವರೂ ಇದನ್ನು ಕೊಳ್ಳುತ್ತಾರೆ. ಇದು ಜೂಜು. ಗ್ರೀಸ್ ಕೈಕೊಟ್ಟಾಗ ‘ಹೂಡಿಕೆದಾರರು ಸಾಲ ಕಡಿತಕ್ಕೆ ತಾವಾಗಿ ಒಪ್ಪಿದ್ದಾರೆ’ ಅಂತ ಹೇಳಿ ಒಂದು ಪೈಸೆಯನ್ನೂ ಕೊಡಲಿಲ್ಲ. ಇನ್ನು ಸ್ಪ್ರೆಡ್ ಅಂದರೆ ‘ಅಂತರ’, ಹಾಗೇ ಹಾಕಿ.

ಸುಧಾ:
ಮೊದಲ ಮಾತು ಸರಿ. ಬಾಂಡ್ ಇರಬೇಕಿಲ್ಲ, ನಷ್ಟ ಆಗಿದೆ ಅಂತ ತೋರಿಸಬೇಕಿಲ್ಲ. 1997ರಲ್ಲಿ ಲಂಡನ್‌ನಲ್ಲಿ ರಾಬಿನ್ ಪಾಟ್ಸ್ ಎಂಬ ವಕೀಲರು ಇದು ಕಾನೂನಿನ ಪ್ರಕಾರ ವಿಮೆಯಲ್ಲ ಅಂತ ಅಭಿಪ್ರಾಯ ಕೊಟ್ಟದ್ದು ಇದೇ ಆಧಾರದ ಮೇಲೆ. ಅದಕ್ಕೇ ‘ವಿಮೆಯಂತೆ’ ಅಂತ ವಿವರಿಸಿ, ಆದರೆ ಹೆಸರಿನಲ್ಲಿ ವಿಮೆ ಬೇಡ ಅಂತ ನನ್ನ ಅಭಿಪ್ರಾಯ. ಬಾಂಡಿಲ್ಲದೆ ದೇಶಗಳ ಸಾಲದ ಮೇಲೆ ಕೊಳ್ಳುವುದನ್ನು ಐರೋಪ್ಯ ಒಕ್ಕೂಟ 2012ರ ನವೆಂಬರ್‌ನಿಂದ ನಿಷೇಧಿಸಿತು. ಅದು ಸರಿಯೋ ತಪ್ಪೋ, ಜಗಳ ಇನ್ನೂ ಇದೆ.

ಗ್ರೀಸ್ ವಿಷಯದಲ್ಲಿ ನೀವು ಅರ್ಧ ಕಥೆ ಹೇಳಿದಿರಿ. 2012ರ ಮಾರ್ಚ್ 1ರಂದು ಹಣ ಕೊಡಬೇಕೇ ಎಂದು ನಿರ್ಧರಿಸುವ ತೀರ್ಮಾನ ಸಮಿತಿ ‘ಹಣ ಕೊಡುವಂಥದ್ದು ಇನ್ನೂ ಏನೂ ಆಗಿಲ್ಲ’ ಎಂದದ್ದು ನಿಜ. ಒಪ್ಪದ ಬಾಂಡುದಾರರ ಮೇಲೂ ಕಡಿತವನ್ನು ಹೇರುವ ಷರತ್ತನ್ನು ಗ್ರೀಸ್ ಬಳಸಿದ ಮೇಲೆ, ಮಾರ್ಚ್ 9ರಂದು ಅದೇ ಸಮಿತಿ ‘ಆಯಿತು’ ಎಂದಿತು. ಮಾರ್ಚ್ 19ರಂದು ಹರಾಜು ನಡೆಯಿತು. ಬಾಂಡಿನ ಬೆಲೆ ನೂರಕ್ಕೆ 21.5 ಅಂತ ಗೊತ್ತಾಯಿತು. ಮಾರಿದವರು ನೂರಕ್ಕೆ 78.5 ಕೊಟ್ಟರು. ಕೊಡು-ಕೊಳ್ಳುವುದೆಲ್ಲ ಕಳೆದು ಕೈಬದಲಾದದ್ದು ಸುಮಾರು 250 ಕೋಟಿ ಡಾಲರ್. ಒಂದು ಪೈಸೆಯೂ ಕೊಡಲಿಲ್ಲ ಅಂತ ಬರೆದರೆ ಓದುಗರು ಹಿಡಿಯುತ್ತಾರೆ ರಶ್ಮಿ.

‘ಅಂತರ’ ಬೇಡ. ಬಾಂಡಿನ ಸ್ಪ್ರೆಡ್‌ನಲ್ಲಿ ಎರಡು ಬಡ್ಡಿಗಳನ್ನು ಕಳೆಯುತ್ತೀರಿ, ಅಲ್ಲಿ ಅಂತರ ಸರಿ. ಇಲ್ಲಿ ಏನನ್ನೂ ಕಳೆಯುತ್ತಿಲ್ಲ. ‘ದರ’ ಸಾಕು.

ಮಂಜುನಾಥ:
ಗ್ರೀಸ್ ಸರಿ, ಒಪ್ಪಿದೆ. ಆದರೆ ಸ್ಪ್ರೆಡ್‌ಗೆ ದರ ಅಂದರೆ ಬಡ್ಡಿ ದರ ಅಂದುಕೊಳ್ಳುತ್ತಾರೆ. ಅದಕ್ಕಿಂತ ಅಂತರವೇ ವಾಸಿ.

ರಶ್ಮಿ:
‘ಸುಸ್ತಿ ಹೊಣೆ ಒಪ್ಪಂದ’, ‘ಸುಸ್ತಿ ಹೊಣೆ ದರ’ ಅಂದರೆ? ಬ್ಯಾಂಕ್ ನೋಟಿಸುಗಳಲ್ಲಿ ಸುಸ್ತಿದಾರ ಇದ್ದೇ ಇದೆಯಲ್ವಾ.

ಗೋಪಾಲಯ್ಯ:
ಸುಸ್ತಿ ಪಾರಸಿ. ಸೋಮಾರಿತನ ಅಂತ ಅದರ ಮೂಲಾರ್ಥ. ಒಂದು ದೇಶ ಸಾಲ ತೀರಿಸದಿದ್ದರೆ ಅದಕ್ಕೆ ಸುಸ್ತಾಗಿದೆಯೇ? ಹೊಣೆ ಒಂದೇ ನಮ್ಮದು. ಹೀಗೆ ಎಲ್ಲವನ್ನೂ ಎರವಲು ತಂದರೆ ಭಾಷೆಯೂ ಸಾಲದಲ್ಲಿ ಮುಳುಗುತ್ತದೆ.

ಮಂಜುನಾಥ:
‘ತಪ್ಪುಗಾಪು’ ಓದಿದರೆ ತಪ್ಪು ಮಾಡಿದವನನ್ನು ಕಾಯುವುದು ಅನ್ನಿಸುತ್ತೆ ಸರ್. ಅದೂ ಕಡಿಮೆ ಮೋಜಲ್ಲ.

ಸುಧಾ:
ಸುಸ್ತಿಯ ಮೂಲ ಎಲ್ಲಿಯದಾದರೂ ನನಗೆ ಬೇಸರವಿಲ್ಲ. ನನ್ನ ಅನುಮಾನ ಬೇರೆ. ಸುಸ್ತಿ ಅಂದರೆ ಕಂತು ಕಟ್ಟದೆ ಇರುವುದು. ಗ್ರೀಸ್‌ನಲ್ಲಿ ಹಣ ಸಿಕ್ಕಿದ್ದು ಕಂತು ತಪ್ಪಿದ್ದರಿಂದಲ್ಲ. ಸಾಲದ ಷರತ್ತನ್ನೇ ಬಲವಂತವಾಗಿ ಬದಲಿಸಿದ್ದರಿಂದ ಸಿಕ್ಕಿತು. ಅದನ್ನು ಸುಸ್ತಿ ಅನ್ನಬಹುದೇ? ಹೆಸರಿಗೆ ಪರವಾಗಿಲ್ಲ. ಗ್ರೀಸ್ ಪ್ಯಾರಾದಲ್ಲಿ ಮಾತ್ರ ‘ಸುಸ್ತಿಯಾಯಿತು’ ಬದಲು ‘ಸಾಲ ಕಡಿತ ಹೇರಿತು’ ಎಂದು ಬರೆಯಿರಿ.

ರಶ್ಮಿ:
ಹಾಗೇ ಕಳಿಸಿದೆ: ‘ಕಂಪನಿಯ ಐದು ವರ್ಷದ ಸುಸ್ತಿ ಹೊಣೆ ದರ 300 ಬೇಸಿಸ್ ಪಾಯಿಂಟ್‌ಗೆ ಏರಿತು.’ ಮೊದಲ ಬಾರಿ ಬಂದಲ್ಲಿ ಕ್ರೆಡಿಟ್ ಡಿಫಾಲ್ಟ್ ಸ್ವಾಪ್ ಅಂತಲೂ ಹಾಕಿದ್ದೇನೆ. ಥ್ಯಾಂಕ್ಸ್ ಸುಧಾ ಮೇಡಂ.

ಗೋಪಾಲಯ್ಯ:
ಸ್ವಾಪ್, ಬೇಸಿಸ್, ಪಾಯಿಂಟ್, ಕಂಪನಿ. ಒಂದೇ ವಾಕ್ಯದ ಸುತ್ತ ನಾಲ್ಕು. ಮುಂದಿನ ಸಲ ಕೇಳಬೇಡಿ.

ಶಾರದಮ್ಮ:
ಹಾಗಾದರೆ ನನ್ನ ಮನೆ ಸಾಲವನ್ನು ನಾನು ಕಟ್ಟುವುದಿಲ್ಲ ಅಂತ ಯಾರಾದರೂ ಪರಿಚಯ ಇಲ್ಲದವರು ಇದನ್ನು ಕೊಳ್ಳಬಹುದೇ?