1011 ಡಿಟೆಕ್ಟರ್: 101 ಆದಮೇಲೆ 0 ಬಂದರೆ ಎಲ್ಲಿಗೆ?

ಪ್ರಶ್ನೆ, ವಿದ್ಯಾರ್ಥಿನಿ: ಬರುವ ಬಿಟ್‌ಗಳಲ್ಲಿ 1011 ಸಾಲು ಹಿಡಿಯುವ, ಓವರ್‌ಲ್ಯಾಪ್ ಇರುವ ಡಿಟೆಕ್ಟರ್‌ಗೆ ಮೀಲಿ ಸ್ಟೇಟ್ ಡಯಾಗ್ರಾಂ ಬರೆದೆ. 1011011 ಕೊಟ್ಟರೆ ಸರಿಯಾಗಿ ಎರಡು ಸಲ ಹಿಡಿಯುತ್ತದೆ. 101011 ಕೊಟ್ಟರೆ ಒಂದು ಸಲವೂ ಇಲ್ಲ. 101 ಬಂದಮೇಲಿನ ಸ್ಟೇಟ್ S3ನಲ್ಲಿ 0 ಬಂದರೆ ಶುರುವಿನ S0ಗೆ ಕಳಿಸಿದ್ದೇನೆ. ಮತ್ತೆ ಇದನ್ನೇ ಮೂರ್ ಮಷೀನ್ ಆಗಿ ಬರೆದರೆ ಒಂದು ಸ್ಟೇಟ್ ಜಾಸ್ತಿ ಯಾಕೆ ಸರ್?

ಇನ್ನೊಬ್ಬ ವಿದ್ಯಾರ್ಥಿ: ಓವರ್‌ಲ್ಯಾಪ್ ಅಂದರೆ 1011 ಸಿಕ್ಕಮೇಲೆ S0 ಬದಲು S1ಗೆ ಹೋಗೋದು. ಅದು ನಿಮ್ಮಲ್ಲಿ ಸರಿ ಇದೆ, ಮೊದಲನೇದು ಪಾಸ್ ಆಯ್ತಲ್ವಾ? ಟೆಸ್ಟ್‌ಬೆಂಚ್ ಒಮ್ಮೆ ನೋಡಿ.

ಚಿಪ್ ಡಿಸೈನರ್: ಟೆಸ್ಟ್‌ಬೆಂಚ್ ಸರಿಯಾಗಿಯೇ ಇದೆ. ಓವರ್‌ಲ್ಯಾಪ್ ಬಗ್ಗೆ ಇವರು ಹೇಳಿದ್ದೂ ನಿಜ, ಆದರೆ ಇಲ್ಲಿನ ತೊಂದರೆ ಅದಲ್ಲ. S3ನಲ್ಲಿದ್ದೀರಿ ಅಂದರೆ ಕೊನೆಗೆ ಬಂದದ್ದು 101. ಈಗ 0 ಬಂದರೆ 1010 ಆಯ್ತು. ಅದರ ಕೊನೆಯ ಎರಡು ಬಿಟ್ 10, ಅಂದರೆ ನಮಗೆ ಬೇಕಾದ ಸಾಲಿನ ಅರ್ಧ ಆಗಲೇ ಕೈಯಲ್ಲಿದೆ. S0ಗೆ ಹೋದರೆ ಅದನ್ನು ಸುಮ್ನೆ ಕಳೆದುಕೊಳ್ಳುತ್ತೀರಿ. S2ಗೆ ಹೋಗಬೇಕು. ಓವರ್‌ಲ್ಯಾಪ್ ಬೇಡದ ಡಿಟೆಕ್ಟರ್‌ನಲ್ಲೂ ಈ ಬಾಣ ಹೀಗೇ ಇರುತ್ತದೆ. ಕೆಳಗೆ x ಅಂದರೆ ಈಗ ಬಂದ ಬಿಟ್, ಗೆರೆಯ ಎಡಕ್ಕೆ ಮುಂದಿನ ಸ್ಟೇಟ್, ಬಲಕ್ಕೆ ಔಟ್‌ಪುಟ್.

```
      x=0    x=1
S0   S0/0   S1/0
S1   S2/0   S1/0
S2   S0/0   S3/0
S3   S2/0   S1/1
```

ಈಗ 101011 ಹಾಕಿ ನೋಡಿ: S1, S2, S3, S2, S3, ಆಮೇಲೆ ಕೊನೆಯ 1ಕ್ಕೆ ಔಟ್‌ಪುಟ್ 1.

ಮೂರ್‌ನಲ್ಲಿ ಔಟ್‌ಪುಟ್ ಸ್ಟೇಟ್‌ಗೆ ಅಂಟಿಕೊಂಡಿರುತ್ತದೆ. ಹಾಗಾಗಿ "ಈಗ ತಾನೇ ಸಿಕ್ಕಿತು" ಅನ್ನೋದಕ್ಕೇ S4 ಬೇಕು. S4ನಿಂದ 0 ಬಂದರೆ S2, 1 ಬಂದರೆ S1. S1ನ ಬಾಣಗಳೂ ಇವೇ! ಎರಡಕ್ಕೂ ಇರುವ ವ್ಯತ್ಯಾಸ ಔಟ್‌ಪುಟ್ ಮಾತ್ರ. ಮೀಲಿಯಲ್ಲಿ ಆ 1 ಬಾಣದ ಮೇಲೆ ಕೂರುವುದರಿಂದ S4, S1ನೊಳಗೇ ಸೇರಿಹೋಗುತ್ತದೆ.

ಲ್ಯಾಬ್ ಬೋಧಕಿ: ನಮ್ಮ ಲ್ಯಾಬಲ್ಲಿ ಮೀಲಿ ಔಟ್‌ಪುಟ್ಟನ್ನು ನೇರವಾಗಿ ಒಂದು ಕೌಂಟರ್‌ನ ಕ್ಲಾಕ್‌ಗೆ ಕೊಟ್ಟಿದ್ದರು. ಒಂದು ಸಲ ಹಿಡಿದರೆ ಎರಡು, ಮೂರು ಎಣಿಸುತ್ತಿತ್ತು. ಅದಕ್ಕೇ ನಾನು ಮೂರ್ ಮಾಡಿ ಅನ್ನುತ್ತೇನೆ.

ಚಿಪ್ ಡಿಸೈನರ್: ಹಾಗೆ ಆಗೇ ಆಗುತ್ತದೆ ಮೇಡಂ. S3ನಲ್ಲಿರುವಾಗ x ಕ್ಲಾಕ್ ನಡುವೆ ಅಲುಗಾಡಿದರೆ ಔಟ್‌ಪುಟ್ಟೂ ಅಲುಗಾಡುತ್ತದೆ. ವೇವ್‌ಫಾರ್ಮ್‌ನಲ್ಲಿ ಒಂದು ಕ್ಲಾಕ್‌ಗಿಂತ ಸಣ್ಣ ಪಲ್ಸ್ ಕಂಡರೆ ಇದೇ ಕಾರಣ. ಅದನ್ನು ಕ್ಲಾಕ್‌ಗೆ ಕೊಡದೆ ಕೌಂಟರ್‌ನ ಎನೇಬಲ್‌ಗೆ ಕೊಡಿ. x ಕೂಡ ಅದೇ ಕ್ಲಾಕ್‌ಗೆ ಹೊಂದಿಕೊಂಡು ಬರಬೇಕು. ಇಲ್ಲವೇ ಮೀಲಿ ಔಟ್‌ಪುಟ್ ಮುಂದೆ ಒಂದು ಫ್ಲಿಪ್‌ಫ್ಲಾಪ್ ಇಡಿ.

ವಿದ್ಯಾರ್ಥಿನಿ: ಹಾಗೆ ಮಾಡಿದರೆ 2+1, ಒಟ್ಟು ಮೂರು ಫ್ಲಿಪ್‌ಫ್ಲಾಪ್. ಮೂರ್‌ನ ಐದು ಸ್ಟೇಟ್‌ಗೂ ಮೂರೇ. ಮೀಲಿಯಿಂದ ಏನು ಸಿಕ್ಕಿತು?

ಚಿಪ್ ಡಿಸೈನರ್: ಏನೂ ಇಲ್ಲ, ಔಟ್‌ಪುಟ್ ಬರುವ ಸಮಯವೂ ಮೂರ್‌ನದೇ ಆಗುತ್ತದೆ. ಮುಂದಿನ ಬ್ಲಾಕ್‌ಗೆ ಅದೇ ಕ್ಲಾಕ್‌ನಲ್ಲಿ ಉತ್ತರ ಬೇಕಿದ್ದರೆ ಮಾತ್ರ ಬರೀ ಮೀಲಿ ಇಡುತ್ತೇನೆ.

ಲ್ಯಾಬ್ ಬೋಧಕಿ: ಆಗ xನಿಂದ ಮುಂದಿನ ಬ್ಲಾಕ್‌ವರೆಗೆ ದಾರಿ ಉದ್ದ ಆಗುತ್ತದೆ. ಕ್ಲಾಕ್ ವೇಗ ಜಾಸ್ತಿ ಬೇಕಾದಾಗ ನಾನಂತೂ ಒಪ್ಪಲ್ಲ.